ಸೂಚಕ ಪ್ರಶ್ನೆ ಎಂದರೇನು?

ಕೇಳುವವರು ತಾವು ಬಯಸುವ ಅಥವಾ ನಿರೀಕ್ಷಿಸುವ ಉತ್ತರವನ್ನು ಪ್ರಶ್ನೆಯೊಳಗೇ ಸೂಚಿಸಿದರೆ ಅದನ್ನು ಸೂಚಕ ಪ್ರಶ್ನೆ ಎನ್ನುತ್ತಾರೆ. 1872ರ ಸಾಕ್ಷ್ಯ ಕಾಯ್ದೆಯ 141ನೆಯ ಕಲಮಿನಲ್ಲಿದ್ದ ಈ ವ್ಯಾಖ್ಯೆ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ನ್ಯಾಯಾಲಯದ ಪಾಟೀಸವಾಲಿನಲ್ಲಿ ಇಂಥ ಪ್ರಶ್ನೆಗೆ ಅವಕಾಶವಿದೆ, ಏಕೆಂದರೆ ಅಲ್ಲಿ ವಕೀಲರು ಒಂದು ಪಕ್ಷದವರು. ಯಾವ ಪಕ್ಷಕ್ಕೂ ಸೇರದ ವಿಚಾರಣಾಧಿಕಾರಿಗೆ ಆ ಸಮರ್ಥನೆ ಇಲ್ಲ.

ಮುಂಬಯಿಯ ಮಾಟುಂಗದಲ್ಲಿ ಒಂದು ಉಡುಪಿ ಹೋಟೆಲು, ರಾತ್ರಿ ಲೆಕ್ಕ ಮುಗಿಸುವಾಗ ಗಲ್ಲಾದಲ್ಲಿ 4,000 ರೂಪಾಯಿ ಕಡಿಮೆ ಬಂದಿದೆ, ಶೇಖರ ಎಂಬ ನೌಕರನ ಮೇಲೆ ದೂರು ಬಂದಿದೆ ಎಂದುಕೊಳ್ಳೋಣ. ವಿಚಾರಿಸಲು ಬಂದವರು ಸಪ್ಲೈಯರ್ ಹುಡುಗನನ್ನು, ‘ಶೇಖರ ಗಲ್ಲಾದಿಂದ ದುಡ್ಡು ತೆಗೆದಾಗ ನೀನು ಅಲ್ಲೇ ಇದ್ದೆಯಲ್ಲವೇ?’ ಎಂದು ಕೇಳುತ್ತಾರೆ. ಹುಡುಗ ‘ಹೌದು’ ಎನ್ನುತ್ತಾನೆ. ತಾನು ಅಲ್ಲಿದ್ದೆ ಎಂಬುದಕ್ಕಷ್ಟೇ ಅವನು ಒಪ್ಪಿರಬಹುದು. ಆದರೆ ಶೇಖರ ದುಡ್ಡು ತೆಗೆದ ಎಂಬ ಇನ್ನೂ ಸಾಬೀತಾಗದ ಮಾತೂ ಅದರ ಜೊತೆಗೇ ದಾಖಲೆಗೆ ಸೇರಿಬಿಟ್ಟಿತು. ಧಣಿಗಳು ಪಕ್ಕದಲ್ಲೇ ಕುಳಿತಿದ್ದರಂತೂ ಆ ‘ಹೌದು’ ಗೌರವದಿಂದ ಬಂದದ್ದೋ ನೆನಪಿನಿಂದ ಬಂದದ್ದೋ ಹೇಳುವಂತಿಲ್ಲ. ಆದ್ದರಿಂದ ಅವರು ಹೊರಗಿರುವುದೇ ಸರಿ.

ಇದಕ್ಕಿಂತ ಕಳವಳದ ಸಂಗತಿಯೆಂದರೆ, ಪ್ರಶ್ನೆಯ ಮಾತು ಸಾಕ್ಷಿಯ ನೆನಪನ್ನೇ ಬದಲಿಸಬಲ್ಲದು. ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪಘಾತದ ಚಿತ್ರ ನೋಡಿದವರ ಪೈಕಿ, ಕಾರುಗಳು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತು ಎಂದು ಕೆಲವರಲ್ಲೂ, ‘ತಗುಲಿದಾಗ’ ಎಷ್ಟಿತ್ತು ಎಂದು ಕೆಲವರಲ್ಲೂ ಕೇಳಲಾಯಿತು. ವಾರದ ಬಳಿಕ, ಚಿತ್ರದಲ್ಲಿ ಇಲ್ಲದೇ ಇದ್ದ ಒಡೆದ ಗಾಜನ್ನು ಕಂಡೆವೆಂದು ಮೊದಲ ಗುಂಪಿನ 50 ಜನರಲ್ಲಿ 16 ಮಂದಿ ಹೇಳಿದರು. ಎರಡನೆಯ ಗುಂಪಿನ 50ರಲ್ಲಿ ಹಾಗೆಂದವರು 7 ಮಂದಿ.

ಹಾಗಾದರೆ ಹುಡುಗನನ್ನು ಕೇಳುವುದು ಹೇಗೆ? ‘ಆ ರಾತ್ರಿ ಶಟರ್ ಎಳೆಯುವ ಹೊತ್ತಿನಿಂದ ನೀನು ಮನೆಗೆ ಹೊರಡುವವರೆಗೆ ಏನೇನಾಯಿತು, ಹೇಳು’ ಎಂದು ಆರಂಭಿಸಿ, ಅವನು ಮುಗಿಸುವವರೆಗೆ ನಡುವೆ ಬಾಯಿ ಹಾಕಬಾರದು. ಅವನೇ ‘ಗಲ್ಲಾದ ಹತ್ತಿರ ಯಾರೋ ಇದ್ದರು’ ಎಂದರೆ, ‘ಅವರ ಬಗ್ಗೆ ಇನ್ನಷ್ಟು ಹೇಳು’, ‘ನೀನು ಎಲ್ಲಿ ನಿಂತಿದ್ದೆ?’ ಎಂದು ಅವನ ಮಾತನ್ನೇ ಹಿಡಿದು ಮುಂದೆ ಹೋಗಬೇಕು. ‘ಬಿಳಿ ಅಂಗಿಯೋ ನೀಲಿಯೋ?’ ಎಂದರೆ ಬೇರೆ ಬಣ್ಣಗಳಿಗೆ ಬಾಗಿಲು ಮುಚ್ಚಿದಂತೆ; ‘ಏನು ಹಾಕಿಕೊಂಡಿದ್ದರು?’ ಎಂಬುದೇ ಸಾಕು. ‘ಗೊತ್ತಿಲ್ಲ’ ಎಂದರೆ ಅದನ್ನೂ ಉತ್ತರವೆಂದೇ ಬರೆದುಕೊಳ್ಳಬೇಕು. ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ ಮೊದಲು ಹೇಳಿದ್ದು ತಪ್ಪೆಂದು ಭಾವಿಸಿ ಹುಡುಗ ಉತ್ತರ ಬದಲಿಸಬಹುದು. ಬರೆಯುವಾಗ ಉತ್ತರದ ಜೊತೆಗೆ ಪ್ರಶ್ನೆಯನ್ನೂ ಕೇಳಿದ ಮಾತುಗಳಲ್ಲೇ ಬರೆದಿಡಬೇಕು, ಇಲ್ಲವಾದರೆ ಶೇಖರನ ಹೆಸರನ್ನು ಮೊದಲು ಎತ್ತಿದವರು ಯಾರೆಂದು ಮುಂದೆ ಯಾರೂ ಪತ್ತೆಹಚ್ಚಲಾರರು.

ಶೇಖರನನ್ನು ವಿಚಾರಿಸುವಾಗ ಮಾತ್ರ ಆರೋಪವನ್ನು ಮುಚ್ಚಿಡುವಂತಿಲ್ಲ, ಏಕೆಂದರೆ ಉತ್ತರಿಸುವ ಅವಕಾಶ ಅವನ ಹಕ್ಕು. ಅದನ್ನೂ ಮೊದಲು ಅವನ ಮಾತು ಪೂರ್ತಿ ಕೇಳಿಸಿಕೊಂಡ ಮೇಲೆ, ‘ದೂರಿನಲ್ಲಿ ಹೀಗೆ ಹೇಳಿದ್ದಾರೆ, ಇದಕ್ಕೆ ನೀವು ಏನು ಹೇಳುತ್ತೀರಿ?’ ಎಂದು, ದೂರಿನ ಮಾತು ದೂರಿನದೇ ಎಂಬುದು ಸ್ಪಷ್ಟವಾಗುವಂತೆ ಮುಂದಿಡಬೇಕು.