ಡಿವಿಡೆಂಡ್‌ನಲ್ಲಿ ಟಿಡಿಎಸ್ ಹಿಡಿದಾಯ್ತು, ಇನ್ನೂ ತೆರಿಗೆ ಇದೆಯಾ?

ಪ್ರಶ್ನೆ: ಸಾರ್, ಒಂದು ಕಂಪನಿಯ 400 ಷೇರು ಇಟ್ಟುಕೊಂಡಿದ್ದೇನೆ. ಆಗಸ್ಟ್‌ನಲ್ಲಿ ಷೇರಿಗೆ 15 ರೂಪಾಯಿಯಂತೆ ಡಿವಿಡೆಂಡ್ ಕೊಟ್ಟರು, 6,000 ಪೂರ್ತಿ ಬಂತು. ಫೆಬ್ರವರಿಯಲ್ಲೂ ಅದೇ 15 ರೂಪಾಯಿ, ಆದರೆ ಬ್ಯಾಂಕಿಗೆ ಬಂದದ್ದು ಬರೀ 4,800. ಟಿಡಿಎಸ್ 10 ಪರ್ಸೆಂಟ್ ಅಂತಾರೆ, ನನಗೆ 20 ಹಿಡಿದಿದ್ದಾರೆ. ಹೋಗಲಿ ಬಿಡಿ, ತೆರಿಗೆ ಕಳೆದೇ ಬಂದಿದೆಯಲ್ಲ. ಇನ್ನು ರಿಟರ್ನ್‌ನಲ್ಲಿ ತೋರಿಸೋದು ಬೇಡ ಅಲ್ವಾ?

ಉತ್ತರ: ಮೊದಲನೆಯದು ಒಳ್ಳೆ ಪ್ರಶ್ನೆ. ಕೊನೆಯ ಸಾಲಿಗೆ ಮಾತ್ರ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಲೆಕ್ಕ ಇಲ್ಲ. ಇರಲಿ, ಇನ್ನೊಂದು ಸಲ ಬರೆಯುತ್ತೇನೆ. ಇಲ್ಲಿನ ಲೆಕ್ಕವೆಲ್ಲ 2025-26ರ ಹಣಕಾಸು ವರ್ಷದ್ದು, ಭಾರತದಲ್ಲೇ ಇರುವವರಿಗೆ.

ನಿಮಗೆ ಹಿಡಿದದ್ದು 20 ಪರ್ಸೆಂಟ್ ಅಲ್ಲ, ಹತ್ತೇ. ಒಬ್ಬ ವ್ಯಕ್ತಿಗೆ ಒಂದು ಕಂಪನಿಯಿಂದ ಇಡೀ ವರ್ಷದಲ್ಲಿ ಬರುವ ಡಿವಿಡೆಂಡ್ 10,000 ದಾಟದಿದ್ದರೆ ಟಿಡಿಎಸ್ ಇಲ್ಲ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 5,000 ಇತ್ತು. ಆಗಸ್ಟ್‌ನ 6,000 ಮಿತಿಯೊಳಗಿತ್ತು, ಹಾಗಾಗಿ ಪೂರ್ತಿ ಬಂತು. ಫೆಬ್ರವರಿಯಲ್ಲಿ ಒಟ್ಟು 12,000 ಆಯಿತು. ಮಿತಿ ದಾಟಿದ ಮೇಲೆ ಹೆಚ್ಚಾದ 2,000ಕ್ಕೆ ಮಾತ್ರ ಹಿಡಿಯುವುದಿಲ್ಲ, ಪೂರ್ತಿ 12,000ಕ್ಕೂ ಹಿಡಿಯುತ್ತಾರೆ. ಅದರ ಹತ್ತು ಪರ್ಸೆಂಟ್ 1,200. ಆಗಸ್ಟ್‌ನ ದುಡ್ಡು ನಿಮ್ಮ ಕೈಗೆ ಬಂದಾಗಿದೆ, ಆದ್ದರಿಂದ ಎರಡೂ ಕಂತಿನ ಟಿಡಿಎಸ್ ಫೆಬ್ರವರಿಯ ಕಂತಿನಲ್ಲೇ ಕಳೆದರು. ಷೇರನ್ನು ಎರಡು ಡಿಮ್ಯಾಟ್ ಖಾತೆಯಲ್ಲಿ ಹಂಚಿ ಇಟ್ಟರೂ ಇದು ತಪ್ಪುವುದಿಲ್ಲ, ಅವರು ಕೂಡಿಸುವುದು ಪ್ಯಾನ್ ನೋಡಿ.

ಆದರೆ ನಿಜವಾಗಿಯೂ 20 ಪರ್ಸೆಂಟ್ ಹಿಡಿಯುವುದೂ ಉಂಟು. ಕಂಪನಿಯ ಬಳಿ ಪ್ಯಾನ್ ಇಲ್ಲದಿದ್ದರೆ, ಅಥವಾ ಆಧಾರ್ ಜೋಡಿಸದೆ ಪ್ಯಾನ್ ನಿಷ್ಕ್ರಿಯ ಆಗಿದ್ದರೆ ಹಾಗಾಗುತ್ತದೆ. ಯಾವುದು ನಿಮ್ಮ ಕಥೆ ಅಂತ ತಿಳಿಯಲು ಒಂದು ಕಂತು ನೋಡಬೇಡಿ. ವರ್ಷದ ಒಟ್ಟು ಡಿವಿಡೆಂಡ್, ಒಟ್ಟು ಟಿಡಿಎಸ್ ಎರಡನ್ನೂ ಫಾರ್ಮ್ 26ಎಎಸ್‌ನಲ್ಲಿ ನೋಡಿ. 12,000ಕ್ಕೆ 1,200 ಇದ್ದರೆ ಎಲ್ಲ ಸರಿಯಾಗಿದೆ. 2,400 ಇದ್ದರೆ ಪ್ಯಾನ್ ಕಡೆ ಗಮನ ಕೊಡಿ. ಮಾರ್ಚ್‌ನಲ್ಲೇ ಹುಡುಕಿ ಕಾಣಿಸಲಿಲ್ಲ ಅಂತ ಗಾಬರಿಯಾಗಬೇಡಿ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ವಿವರ ಸಲ್ಲಿಸಲು ಕಂಪನಿಗೆ ಮೇ 31ರವರೆಗೆ ಸಮಯ ಇರುತ್ತದೆ.

ಈಗ ಆ ಕೊನೆಯ ಸಾಲಿಗೆ ಬರೋಣ. ಟಿಡಿಎಸ್ ಹಿಡಿದರೆ ತೆರಿಗೆ ಮುಗಿಯಿತು ಅನ್ನುವ ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2020ರ ಮಾರ್ಚ್‌ವರೆಗೆ ಕಂಪನಿಯೇ ಡಿವಿಡೆಂಡ್ ಹಂಚಿಕೆ ತೆರಿಗೆ ಕಟ್ಟಿ ಉಳಿದದ್ದನ್ನು ನಮಗೆ ಕೊಡುತ್ತಿತ್ತು. ವರ್ಷಕ್ಕೆ 10 ಲಕ್ಷ ದಾಟದವರು ಅದರ ಮೇಲೆ ಏನೂ ಕಟ್ಟಬೇಕಿರಲಿಲ್ಲ. ಆ ಕಾಲದಲ್ಲಿ ಷೇರು ಕೊಂಡ ಅಪ್ಪ, ಚಿಕ್ಕಪ್ಪ ಹೇಳಿದ್ದು ಆಗ ಸರಿಯೇ. ಆದರೆ 2020ರ ಏಪ್ರಿಲ್ 1ರಿಂದ ಆ ವ್ಯವಸ್ಥೆಯನ್ನೇ ತೆಗೆದುಹಾಕಿದರು. ಈಗ ಡಿವಿಡೆಂಡ್ ನಿಮ್ಮ ಆದಾಯ. ಸಂಬಳ, ಎಫ್‌ಡಿ ಬಡ್ಡಿಯ ಜೊತೆ ಸೇರಿ ನಿಮ್ಮ ಸ್ಲ್ಯಾಬ್ ಪ್ರಕಾರವೇ ಅದಕ್ಕೆ ತೆರಿಗೆ. ಟಿಡಿಎಸ್ ಅನ್ನೋದು ಛತ್ರಕ್ಕೆ ಕೊಟ್ಟ ಅಡ್ವಾನ್ಸ್ ಇದ್ದ ಹಾಗೆ. ಪೂರ್ತಿ ಬಿಲ್ ಆಮೇಲೆ ಬರುತ್ತದೆ.

ನನ್ನ ಮಾತು ನಂಬಬೇಡಿ, ಸ್ಲ್ಯಾಬ್ ಪಟ್ಟಿ ತೆಗೆದು ನೀವೇ ನೋಡಿ. ಶೇಕಡಾ 4ರ ಸೆಸ್ ಸೇರಿಸಿದರೆ ಹಳೆ ಪದ್ಧತಿಯ ದರಗಳು 5.2, 20.8, 31.2. ಹೊಸ ಪದ್ಧತಿಯಲ್ಲಿ 5.2, 10.4, 15.6, 20.8, 26, 31.2. ಸರಿಯಾಗಿ 10 ಎಲ್ಲಿದೆ? ಎಲ್ಲೂ ಇಲ್ಲ. ಅಂದರೆ ಹಿಡಿದ 10 ಪರ್ಸೆಂಟೇ ಕೊನೆಯ ತೆರಿಗೆ ಆಗುವ ಸ್ಲ್ಯಾಬೇ ಇಲ್ಲ. ಕೆಲವರು ಇನ್ನೂ ಕಟ್ಟಬೇಕು, ಕೆಲವರು ವಾಪಸ್ ಪಡೆಯಬೇಕು.

ನಿಮ್ಮದೇ 12,000 ತೆಗೆದುಕೊಳ್ಳಿ. ಬ್ಯಾಂಕಿಗೆ ಬಂದದ್ದು 6,000 ಮತ್ತು 4,800, ಒಟ್ಟು 10,800. ಹೊಸ ಪದ್ಧತಿಯಲ್ಲಿ ನಿಮ್ಮ ತೆರಿಗೆ ಲೆಕ್ಕದ ಆದಾಯ 18 ಲಕ್ಷ ಅಂದುಕೊಳ್ಳೋಣ. ನೀವು 20 ಪರ್ಸೆಂಟ್ ಸ್ಲ್ಯಾಬ್‌ನಲ್ಲಿದ್ದೀರಿ. ಈ ಡಿವಿಡೆಂಡ್‌ಗೆ ತೆರಿಗೆ 2,400, ಸೆಸ್ 96, ಒಟ್ಟು 2,496. ಅದರಲ್ಲಿ 1,200 ಆಗಲೇ ಹೋಗಿದೆ, ಇನ್ನು 1,296 ಬಾಕಿ. ಕೊನೆಗೆ ನಿಮಗೆ ಉಳಿಯುವುದು 9,504 ರೂಪಾಯಿ. ಪಾಸ್‌ಬುಕ್‌ನಲ್ಲಿ ಕಾಣುವ 10,800 ಅಲ್ಲ.

ನಿಮ್ಮಷ್ಟೇ ಷೇರು ಇರುವ, ವರ್ಷಕ್ಕೆ ಡಿವಿಡೆಂಡೂ ಸೇರಿ 7 ಲಕ್ಷ ಆದಾಯದ ಇನ್ನೊಬ್ಬರನ್ನು ನೋಡಿ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಇರುವುದರಿಂದ ಅವರಿಗೆ ತೆರಿಗೆ ಸೊನ್ನೆ. ರಿಟರ್ನ್ ಹಾಕಿದರೆ ಆ 1,200 ವಾಪಸ್ ಬರುತ್ತದೆ, ಪೂರ್ತಿ 12,000 ಅವರದೇ. "ಮುಗಿಯಿತಲ್ಲ" ಅಂತ ಸುಮ್ನೆ ಕೂತರೆ 1,200 ಸರ್ಕಾರದ ಬಳಿಯೇ ಉಳಿಯುತ್ತದೆ. ಈ ತಪ್ಪು ನಂಬಿಕೆಯಿಂದ ನಿಜಕ್ಕೂ ದುಡ್ಡು ಕಳೆದುಕೊಳ್ಳುವವರು ಇವರು, ಅದಕ್ಕೇ ನನಗೆ ಸಿಟ್ಟು ಬರೋದು.

"ತೋರಿಸದಿದ್ದರೆ ಯಾರಿಗೆ ಗೊತ್ತಾಗುತ್ತೆ" ಅನ್ನುವವರಿಗೂ ಒಂದು ಮಾತು. ಟಿಡಿಎಸ್ ಹಿಡಿಯದ ಸಣ್ಣ ಡಿವಿಡೆಂಡ್‌ನ ವಿವರವನ್ನೂ ಕಂಪನಿಗಳು ಇಲಾಖೆಗೆ ಕೊಡುತ್ತವೆ. ತೆರಿಗೆ ಪೋರ್ಟಲ್‌ನಲ್ಲಿ ಎಐಎಸ್ ತೆರೆದರೆ ಅದು ನಿಮಗೇ ಕಾಣುತ್ತದೆ. 10,000ದ ಮಿತಿ ಇರುವುದು ಟಿಡಿಎಸ್ ಹಿಡಿಯುವುದಕ್ಕೆ, ತೆರಿಗೆ ಮಾಫಿಗಲ್ಲ.

ರಿಟರ್ನ್‌ನಲ್ಲಿ ಬರೆಯಬೇಕಾದದ್ದು 12,000. ತುಂಬಾ ಜನ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ 10,800 ಬರೆದು, ಜೊತೆಗೆ 1,200ರ ಟಿಡಿಎಸ್ ಕೂಡ ಕೇಳುತ್ತಾರೆ. ಹಿಡಿದ ಟಿಡಿಎಸ್ ಕೂಡ ನಿಮಗೆ ಬಂದ ಆದಾಯವೇ ಅನ್ನುತ್ತದೆ ಕಾನೂನು. ಎಐಎಸ್‌ನಲ್ಲಿ 12,000 ಕೂತಿರುತ್ತದೆ, ನಿಮ್ಮದರಲ್ಲಿ 10,800. ಆಮೇಲೆ ನೋಟಿಸ್ ಬಂತು ಅಂತ ನನಗೇ ಬರೆಯುತ್ತೀರಿ. ಇತರ ಮೂಲಗಳ ಆದಾಯದ ಕೆಳಗೆ 12,000 ತೋರಿಸಿ, ಟಿಡಿಎಸ್ ಪಟ್ಟಿಯಲ್ಲಿ 1,200 ಇದೆಯಾ ನೋಡಿಕೊಳ್ಳಿ. ಅಷ್ಟೇ ಕೆಲಸ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮನೆಯಲ್ಲಿ ಅಮ್ಮನ ಹೆಸರಲ್ಲಿ ಷೇರು ಇದ್ದು, ಅವರಿಗೆ 60 ದಾಟಿ, ವರ್ಷದ ತೆರಿಗೆ ಸೊನ್ನೆ ಅನ್ನುವುದಾದರೆ, ಮೊದಲು ಹಿಡಿಸಿ ಆಮೇಲೆ ವಾಪಸ್ ಕೇಳುವ ಓಡಾಟವೇ ಬೇಡ. ಫಾರ್ಮ್ 15ಎಚ್ ಕೊಟ್ಟರೆ ಟಿಡಿಎಸ್ ಹಿಡಿಯುವುದಿಲ್ಲ. ಎಡವುವುದು ಎಲ್ಲಿ ಅಂದರೆ, ಬ್ಯಾಂಕಿಗೆ ಎಫ್‌ಡಿಗೆಂದು ಕೊಟ್ಟ 15ಎಚ್ ಇಲ್ಲಿಗೆ ನಡೆಯುವುದಿಲ್ಲ. ಷೇರು ಬ್ರೋಕರ್‌ಗೆ ಕೊಟ್ಟರೂ ಪ್ರಯೋಜನ ಇಲ್ಲ. ಪ್ರತಿ ಕಂಪನಿಗೂ ಬೇರೆ ಬೇರೆ ಕೊಡಬೇಕು, ಅದೂ ಆ ಕಂಪನಿಯ ಷೇರು ಲೆಕ್ಕ ನೋಡಿಕೊಳ್ಳುವ ರಿಜಿಸ್ಟ್ರಾರ್‌ಗೆ, ಕೆಫಿನ್ ಟೆಕ್ನಾಲಜೀಸ್‌ನಂಥವರಿಗೆ. ಡಿವಿಡೆಂಡ್ ಘೋಷಿಸಿದಾಗ ಕಂಪನಿ ಕಳಿಸುವ ಇಮೇಲ್‌ನಲ್ಲಿ ಅಪ್‌ಲೋಡ್ ಲಿಂಕ್ ಮತ್ತು ಕೊನೆಯ ದಿನ ಇರುತ್ತದೆ. ಆ ಇಮೇಲ್ ಡಿಮ್ಯಾಟ್ ಖಾತೆಯಲ್ಲಿ ಕೊಟ್ಟ ವಿಳಾಸಕ್ಕೆ ಹೋಗುತ್ತದೆ, ಅಂದರೆ ಎಷ್ಟೋ ಮನೆಗಳಲ್ಲಿ ಅಮ್ಮನಿಗಲ್ಲ, ಖಾತೆ ತೆರೆಸಿಕೊಟ್ಟ ಮಗನಿಗೆ. ಆ ದಿನ ತಪ್ಪಿ, ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಿಬಿಟ್ಟರೆ ಕಂಪನಿ ಅದನ್ನು ನಿಮಗೆ ಹಿಂದಿರುಗಿಸುವುದಿಲ್ಲ. ಆಗ ಅಮ್ಮನ ಹೆಸರಲ್ಲೂ ರಿಟರ್ನ್ ಹಾಕಿಯೇ ವಾಪಸ್ ಪಡೆಯಬೇಕು.