ಬೈಯದೆ ಕಾಲೆಳೆಯುವುದು ಹೇಗೆ?

ಪ್ರಶ್ನೆ: ಗೆಳೆಯನ ಮದುವೆಯ ಆರತಕ್ಷತೆಯಲ್ಲಿ ಅವನ ಕಾಲೆಳೆದು ನಾಲ್ಕು ಮಾತು ಆಡಬೇಕಾಗಿದೆ. ಎರಡು ಮನೆಯ ಹಿರಿಯರೂ ಎದುರಿಗಿರುತ್ತಾರೆ. ಅಸಭ್ಯವೆನಿಸದಂತೆ ನಗಿಸಲು ಎಂತಹ ಬೈಗುಳ ಬಳಸಬೇಕು?

ಉತ್ತರ: ಮೊದಲು ಗೆಳೆಯನ ದೌರ್ಬಲ್ಯ ಯಾವುದೆಂದು ಖಚಿತಪಡಿಸಿಕೊಳ್ಳಿ, ಆಮೇಲೆ ಅದಕ್ಕೊಪ್ಪುವ ಪದವನ್ನು ಹುಡುಕಿ. ಕನ್ನಡದಲ್ಲಿ ದಡ್ಡತನವೊಂದಕ್ಕೇ ಹಲವು ಹೆಸರುಗಳಿವೆ, ಆದರೆ ಅವು ಒಂದೇ ಅರ್ಥದವಲ್ಲ. ದಿಕ್ಕುತೋಚದೆ ಬಾಯಿಬಿಟ್ಟು ನಿಲ್ಲುವವನು ಬೆಪ್ಪುತಕ್ಕಡಿ, ಹಿಂದುಮುಂದು ನೋಡದೆ ನುಗ್ಗುವವನು ಹುಂಬ, ಕೇಳದಿದ್ದರೂ ನಡುವೆ ಬಾಯಿ ಹಾಕುವವನು ಅಧಿಕಪ್ರಸಂಗಿ, ಅತ್ತಲೂ ಸಲ್ಲದೆ ಇತ್ತಲೂ ಸಲ್ಲದೆ ಉಳಿಯುವವನು ಎಡಬಿಡಂಗಿ. ಪದ ಸರಿಯಾಗಿ ಹೊಂದಿದಾಗ ಸಭಿಕರು ನಗುವುದು ಬೈಗುಳಕ್ಕಲ್ಲ, ತಮಗೆ ಗೊತ್ತಿರುವ ಮನುಷ್ಯನನ್ನು ಅದರಲ್ಲಿ ಗುರುತಿಸಿದ್ದಕ್ಕೆ.

ನಿಮ್ಮ ಗೆಳೆಯ ಚಾರಣದ ಯೋಜನೆಗಳನ್ನು ಹಾಕುತ್ತಲೇ ಇದ್ದು, ಹೊರಡುವ ದಿನ ಏಳದವನು ಎಂದುಕೊಳ್ಳೋಣ. 'ಇವನು ಸೋಂಬೇರಿ, ಬರೀ ಬೊಗಳೆ' ಎಂದರೆ ಅದು ದೂರಾಗುತ್ತದೆಯೇ ಹೊರತು ವಿನೋದವಾಗುವುದಿಲ್ಲ. ಅವನಿಗೆ ಒಪ್ಪುವ ಹೆಸರು ಉತ್ತರಕುಮಾರ. ಅಂತಃಪುರದ ಹೆಂಗಸರ ಮುಂದೆ ಪೌರುಷ ಕೊಚ್ಚಿ, ಕೌರವರ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದ ವಿರಾಟನ ಮಗನ ಕಥೆ ಹಿರಿಯರಿಗೆ ತಿಳಿದೇ ಇರುತ್ತದೆ. ಕಿರಿಯರಿಗಾಗಿ ಅರ್ಧ ವಾಕ್ಯದಲ್ಲಿ ನೆನಪಿಸಿದರೆ ಸಾಕು. ಹಾಗಾದರೆ ಮಾತು ಹೀಗೆ ಬರಬಹುದು: 'ನಮ್ಮ ಉತ್ತರಕುಮಾರ ವಾಟ್ಸಾಪಿನಲ್ಲಿ ಕುಮಾರಪರ್ವತವನ್ನು ಮೂರು ಸಲ ಹತ್ತಿದ್ದಾನೆ, ಭಾನುವಾರ ಬೆಳಗ್ಗೆ ಮಾತ್ರ ಅವನಿಗೆ ಮಂಚ ಇಳಿಯಲಾಗುವುದಿಲ್ಲ.' ಇದರ ಜೊತೆಗೆ ಕುಂಭಕರ್ಣನನ್ನೂ ಬಕಾಸುರನನ್ನೂ ಎಳೆದು ತಂದರೆ ಚಿತ್ರ ಕಲಸಿಹೋಗುತ್ತದೆ. ಆದ್ದರಿಂದ ಒಂದೇ ಹೋಲಿಕೆಯನ್ನು ಹಿಡಿದು ಕೊನೆಯವರೆಗೆ ಬೆಳೆಸಿ.

ಹಳೆಯದೆಂಬ ಕಾರಣಕ್ಕೆ ಯಾವ ಪದವೂ ನಿರಪಾಯವೆಂದು ನಂಬಬೇಡಿ. 'ಮುಂಡೇದು' ಎಂಬುದನ್ನು ಅಕ್ಕರೆಯಿಂದ ಆಡುವವರು ಇಂದಿಗೂ ಇದ್ದಾರೆ, ಆದರೆ ಅದರ ಬೇರು ವಿಧವೆಯನ್ನು ಹೀಗಳೆಯುವ ಮಾತಿನಲ್ಲಿದೆ; ಜಾತಿಯ ಹೆಸರುಗಳಿಂದ ಹುಟ್ಟಿದ ಬೈಗುಳಗಳೂ ಹೀಗೆಯೇ ಗೊತ್ತಿಲ್ಲದೆ ನುಸುಳುತ್ತವೆ. ಮದುವೆಯ ಮನೆಯಲ್ಲಿ 'ಶನಿ', 'ದರಿದ್ರ' ಎಂಬವೂ ಬೇಡ, ಏಕೆಂದರೆ ಹಿರಿಯರ ಕಿವಿಗೆ ಅವು ಹಾಸ್ಯವಾಗಿ ಅಲ್ಲ, ಅಪಶಕುನವಾಗಿ ಕೇಳುತ್ತವೆ.

ಉತ್ತರನನ್ನು ಆರಿಸಿಕೊಳ್ಳಲು ನನಗೆ ಇನ್ನೊಂದು ಕಾರಣವೂ ಇದೆ. ಓಡಿದವನನ್ನು ಬೃಹನ್ನಳೆಯ ವೇಷದ ಅರ್ಜುನ ಹಿಡಿದು ತಂದ ಮೇಲೆ, ಉತ್ತರನೇ ಸಾರಥಿಯಾಗಿ ಯುದ್ಧ ಮುಗಿಯುವವರೆಗೂ ಕುದುರೆಗಳ ಹಗ್ಗ ಬಿಡಲಿಲ್ಲ. ತಂದೆ ಹೊಗಳಿದಾಗ ಗೆದ್ದವನು ತಾನಲ್ಲವೆಂದು ನಿಜವನ್ನೂ ಹೇಳಿದ. ಹಾಗಾಗಿ ಕಾಲೆಳೆದಾದ ಮೇಲೆ ಮದುಮಗಳ ಕಡೆಗೆ ತಿರುಗಿ, 'ಒಮ್ಮೆ ಹಗ್ಗ ಕೈಗೆ ಕೊಟ್ಟು ನೋಡಿ, ಇವನು ಬಿಡುವವನಲ್ಲ' ಎಂದು ಅದೇ ಕಥೆಯಿಂದ ನಿಮ್ಮ ಮಾತನ್ನು ಮುಗಿಸಬಹುದು.