ಎರಡು ನೋಟಿಸು, ಎರಡು ಬಾಗಿಲು: ತಡವಾದ ಆಡಿಟ್ ವರದಿಗೆ ಟ್ರಸ್ಟ್ ಉತ್ತರಿಸುವ ಬಗೆ

ಧರ್ಮಾರ್ಥ ಟ್ರಸ್ಟಿಗೆ ಒಂದೇ ವಾರದಲ್ಲಿ ಆದಾಯ ತೆರಿಗೆ ಇಲಾಖೆಯಿಂದ ಎರಡು ನೋಟಿಸು, ಒಂದು ತಡವಾದ ಆಡಿಟ್ ವರದಿಯ ಬಗ್ಗೆ, ಇನ್ನೊಂದು ನೋಂದಣಿ ನವೀಕರಣದ ಬಗ್ಗೆ, ಬಂದರೆ ಟ್ರಸ್ಟಿಗಳು ಸಾಮಾನ್ಯವಾಗಿ ಒಂದೇ ಪತ್ರ ಬರೆದು ಎರಡಕ್ಕೂ ಲಗತ್ತಿಸುತ್ತಾರೆ. ಕೆಲಸ ಕೆಡುವುದು ಅಲ್ಲೇ. ಆಡಿಟ್ ವರದಿ ತಡವಾದರೆ ಹೋಗುವುದು ಆ ಒಂದು ವರ್ಷದ ವಿನಾಯಿತಿ, ಕೇಳುವುದು ರಿಟರ್ನ್‌ಗಳನ್ನು ಪರಿಶೀಲಿಸುವ ಬೆಂಗಳೂರಿನ ಕೇಂದ್ರ, ಸಿಪಿಸಿ. ನವೀಕರಣದಲ್ಲಿ ಪಣಕ್ಕಿರುವುದು ನೋಂದಣಿಯೇ, ಕೇಳುವವರು ವಿನಾಯಿತಿ ವಿಭಾಗದ ಆದಾಯ ತೆರಿಗೆ ಆಯುಕ್ತರು. ಒಬ್ಬರ ಕೈಯಲ್ಲಿ ಇನ್ನೊಬ್ಬರ ಅಧಿಕಾರವಿಲ್ಲ.

ಒಂದು ಪ್ರಕರಣ ತೆಗೆದುಕೊಳ್ಳೋಣ. ಶಾಲೆ ನಡೆಸುವ ಸಣ್ಣ ಟ್ರಸ್ಟ್, 2023-24ರಲ್ಲಿ ಒಟ್ಟು ಆದಾಯ 42 ಲಕ್ಷ ರೂಪಾಯಿ. ಉದ್ದೇಶಗಳಿಗೆ ಖರ್ಚಾದದ್ದು 37 ಲಕ್ಷ. ಅದರಲ್ಲಿ 9 ಲಕ್ಷ ಹೊಸ ಕೊಠಡಿ ಕಟ್ಟಲು. ವಿನಾಯಿತಿಗೆ ಆದಾಯದ ಶೇ 85 ಅಂದರೆ 35.7 ಲಕ್ಷ ಬಳಸಿದ್ದರೆ ಸಾಕಿತ್ತು, ಆ ಲೆಕ್ಕದಲ್ಲಿ ತಪ್ಪಿಲ್ಲ. ಆದಾಯ 5 ಕೋಟಿ ದಾಟಿಲ್ಲ, ವಿದೇಶಿ ದೇಣಿಗೆಯಿಲ್ಲ, ಹೊರದೇಶದಲ್ಲಿ ಖರ್ಚಿಲ್ಲ. ಆದ್ದರಿಂದ ಅವರ ಆಡಿಟ್ ವರದಿಯ ನಮೂನೆ ಫಾರ್ಮ್ 10ಬಿಬಿ. ಆ ವರ್ಷ ಅದರ ಗಡುವು 2024ರ ಅಕ್ಟೋಬರ್ 7ಕ್ಕೆ, ರಿಟರ್ನ್ ಗಡುವು ನವೆಂಬರ್ 15ಕ್ಕೆ ವಿಸ್ತರಣೆಯಾಗಿತ್ತು. ಆಡಿಟರ್ ಸೆಪ್ಟೆಂಬರ್ 28ಕ್ಕೆ ವರದಿಗೆ ಸಹಿ ಹಾಕಿ ಅಕ್ಟೋಬರ್ 4ಕ್ಕೆ ಅಪ್‌ಲೋಡ್ ಮಾಡಿದರು. ಆದರೆ ಟ್ರಸ್ಟ್ ಆದಾಯ ತೆರಿಗೆ ಪೋರ್ಟಲ್‌ನ ತನ್ನ ಲಾಗಿನ್‌ನಲ್ಲಿ Worklist ತೆರೆದು ಅದನ್ನು ಒಪ್ಪಿಕೊಂಡದ್ದು ನವೆಂಬರ್ 12ಕ್ಕೆ. ರಿಟರ್ನ್ 14ಕ್ಕೆ ಹೋಯಿತು.

ಆಡಿಟರ್ ಅಪ್‌ಲೋಡ್ ಮಾಡಿದ ಮಾತ್ರಕ್ಕೆ ವರದಿ ಸಲ್ಲಿಕೆಯಾಗುವುದಿಲ್ಲ. ಟ್ರಸ್ಟ್ ಒಪ್ಪಿದ ದಿನವೇ ಸಲ್ಲಿಕೆಯ ದಿನ. ಬಹಳಷ್ಟು ವಿಳಂಬಗಳ ಮೂಲ ಇದೇ. ವ್ಯವಸ್ಥಾಪಕ ಟ್ರಸ್ಟಿ ಬದಲಾಗಿ, ಪೋರ್ಟಲ್‌ನಲ್ಲಿ ಹಳಬರ ಹೆಸರೇ ಉಳಿದು, ಹೊಸಬರ ಡಿಜಿಟಲ್ ಸಹಿ ನೋಂದಣಿಯಾಗದೆ ವರದಿ ಅಲ್ಲೇ ಕಾಯುತ್ತಿರುತ್ತದೆ. ನಮ್ಮ ಟ್ರಸ್ಟಿನಲ್ಲೂ ಆದದ್ದು ಅದೇ: 36 ದಿನ ತಡ.

ಈಗ ಸಿಪಿಸಿ ನೋಟಿಸು. ಇದು 1961ರ ಆದಾಯ ತೆರಿಗೆ ಕಾಯ್ದೆಯ 143(1)(ಎ) ಅಡಿ ವಿನಾಯಿತಿ ತೆಗೆಯುವ ಪ್ರಸ್ತಾವ; Pending Actions ಒಳಗೆ e-Proceedings ತೆರೆದರೆ ಸಿಗುತ್ತದೆ, ಉತ್ತರಕ್ಕೆ 30 ದಿನ. ‘ಒಪ್ಪುವುದಿಲ್ಲ’ ಎಂದು ಆರಿಸಿ ಕಾರಣ ಬರೆಯಬೇಕು. ಸುಮ್ಮನಿದ್ದರೆ ಪ್ರಸ್ತಾವವೇ ಆದೇಶವಾಗುತ್ತದೆ. ಉತ್ತರದಲ್ಲಿ ಮೊದಲು ಬರಬೇಕಾದದ್ದು ದಿನಾಂಕಗಳು, ಕ್ಷಮೆಯಲ್ಲ. ಆಡಿಟ್ ಮುಗಿದದ್ದು ಗಡುವಿಗೆ ಮುಂಚೆ, ಅದಕ್ಕೆ ಆಡಿಟರ್ ವರದಿಗೆ ಪಡೆದ ಗುರುತು ಸಂಖ್ಯೆ ಯುಡಿಐಎನ್ ಸಾಕ್ಷಿ. ಅಪ್‌ಲೋಡ್ ಆದದ್ದು ಗಡುವಿನೊಳಗೆ. ಒಪ್ಪಿಗೆ ಬಿದ್ದದ್ದು ರಿಟರ್ನ್‌ಗೆ ಎರಡು ದಿನ ಮುಂಚೆ. ಸಿಪಿಸಿ ರಿಟರ್ನ್ ಪರಿಶೀಲಿಸುವ ಹೊತ್ತಿಗೆ ವರದಿ ಕಡತದಲ್ಲಿತ್ತು. ವರದಿ ತಡವಾಗಿ ಬಂದರೂ ಮೂಲ ಷರತ್ತು ಪಾಲನೆಯಾಗಿದ್ದರೆ ಬರಿ ತಾಂತ್ರಿಕ ಕಾರಣಕ್ಕೆ ವಿನಾಯಿತಿ ಕಿತ್ತುಕೊಳ್ಳಬಾರದು ಎಂದು ಗುಜರಾತ್ ಹೈಕೋರ್ಟ್ ಸರ್ವೋದಯ ಚಾರಿಟಬಲ್ ಟ್ರಸ್ಟ್ ಪ್ರಕರಣದಲ್ಲಿ ಹೇಳಿದ್ದನ್ನೂ ಸೇರಿಸಿ. ಆದರೆ ಅದೊಂದನ್ನೇ ನೆಚ್ಚಿ ಕೂರಬೇಡಿ. ವಿಳಂಬ ಮನ್ನಿಸುವ ಅಧಿಕಾರವೇ ಸಿಪಿಸಿಗಿಲ್ಲ.

ಆ ಅಧಿಕಾರ ಇರುವುದು 119(2)(ಬಿ) ಅಡಿಯಲ್ಲಿ. 2024ರ ನವೆಂಬರ್ 18ರ ಸುತ್ತೋಲೆ ಸಂಖ್ಯೆ 16ರ ಪ್ರಕಾರ 10ಬಿ, 10ಬಿಬಿ ವರದಿಗಳು 365 ದಿನದೊಳಗೆ ತಡವಾಗಿದ್ದರೆ ಆಯುಕ್ತರು ಮನ್ನಿಸಬಹುದು. ಅದಕ್ಕೂ ಮೀರಿದರೆ ಮುಖ್ಯ ಆಯುಕ್ತರ ಹಂತಕ್ಕೆ ಹೋಗಬೇಕು. ಕರನಿರ್ಧರಣಾ ವರ್ಷ ಮುಗಿದ ಮೂರು ವರ್ಷದ ನಂತರ ಅರ್ಜಿಯನ್ನೇ ಪರಿಗಣಿಸುವುದಿಲ್ಲ. ನಮ್ಮ ಟ್ರಸ್ಟಿನದು 36 ದಿನವಾದ್ದರಿಂದ ವಿನಾಯಿತಿ ಆಯುಕ್ತರಿಗೆ ಅರ್ಜಿ ಹಾಕಿ, ಅದರ ಸ್ವೀಕೃತಿ ಪ್ರತಿಯನ್ನು ಸಿಪಿಸಿ ಉತ್ತರದ ಜೊತೆ ಲಗತ್ತಿಸಬೇಕು. ಅರ್ಜಿಯ ಜೀವ ಇರುವುದು ಕಾರಣದಲ್ಲಿ. ‘ನಿಯಮ ಗೊತ್ತಿರಲಿಲ್ಲ’ ಎಂಬುದು ದುರ್ಬಲ. ‘ಆಡಿಟರ್ ತಪ್ಪು’ ಎಂದರೆ ಆಡಿಟರ್ ಅಫಿಡವಿಟ್ ಕೇಳುತ್ತಾರೆ. ಟ್ರಸ್ಟಿ ಬದಲಾದ ಸಭೆಯ ನಡಾವಳಿ, ಡಿಜಿಟಲ್ ಸಹಿ ಪಡೆದ ದಿನಾಂಕದ ದಾಖಲೆ, Worklist ತೆರೆಯ ಚಿತ್ರ, ವ್ಯವಸ್ಥಾಪಕ ಟ್ರಸ್ಟಿಯ ಅಫಿಡವಿಟ್ ಇವಿಷ್ಟು ಸೇರಿ ಅಕ್ಟೋಬರ್ 7ರಿಂದ ನವೆಂಬರ್ 12ರ ತನಕ ಒಂದು ವಾರವೂ ಬಿಡದಂತೆ ವಿವರ ಕೊಡಬೇಕು. ನಡುವೆ ಖಾಲಿ ಬಿಟ್ಟ ಅವಧಿಯ ಮೇಲೆಯೇ ಪ್ರಶ್ನೆ ಬರುವುದು.

ಒಂದು ಪರ್ಯಾಯ ವಾದವನ್ನೂ ಉತ್ತರದಲ್ಲಿ ಬರೆದಿಡುವುದು ಒಳ್ಳೆಯದು, ಬಹಳ ಮಂದಿ ಇದನ್ನು ಮರೆಯುತ್ತಾರೆ. ಆಡಿಟ್ ಷರತ್ತು ತಪ್ಪಿ ವಿನಾಯಿತಿ ಹೋದರೂ ಒಟ್ಟು 42 ಲಕ್ಷಕ್ಕೆ ತೆರಿಗೆ ಹಾಕುವಂತಿಲ್ಲ. 13(10)ರ ಪ್ರಕಾರ ಉದ್ದೇಶಗಳಿಗಾಗಿ ಭಾರತದೊಳಗೆ ಮಾಡಿದ ಖರ್ಚು ಕಳೆಯಬೇಕು. ಬಂಡವಾಳ ವೆಚ್ಚ, ಸಾಲದಿಂದ ಅಥವಾ ಮೂಲನಿಧಿಯಾದ ಕಾರ್ಪಸ್‌ನಿಂದ ಮಾಡಿದ್ದು, ಬೇರೆಯವರಿಗೆ ಕೊಟ್ಟ ದೇಣಿಗೆ ಮಾತ್ರ ಕಳೆಯಲಾಗದು. ನಮ್ಮಲ್ಲಿ ಕೊಠಡಿಯ 9 ಲಕ್ಷ ಬಿಟ್ಟರೆ ಉಳಿದ 28 ಲಕ್ಷ ಕಳೆದು, ತೆರಿಗೆಗೆ ಬರುವುದು 14 ಲಕ್ಷ. ಈ ಲೆಕ್ಕ ಉತ್ತರದಲ್ಲಿ ಇದ್ದರೆ, ಮುಂದೆ ಆದೇಶದಲ್ಲಿ 42 ಲಕ್ಷವೇ ಕಂಡಾಗ ಮೇಲ್ಮನವಿಗೆ ಗಟ್ಟಿ ನೆಲ ಸಿಗುತ್ತದೆ. ಮೇಲ್ಮನವಿಗೂ 30 ದಿನವೇ ಗಡುವು. ಮನ್ನಾ ಅರ್ಜಿ ಬಾಕಿಯಿದೆಯೆಂದು ಅದನ್ನು ಕಾಯಿಸಬಾರದು. ಮನ್ನಾ ಆದೇಶ ಬಂದ ಮೇಲೆ 154ರ ಅಡಿ ತಿದ್ದುಪಡಿ ಕೇಳಿದರಾಯಿತು.

ಇನ್ನು ನವೀಕರಣದ ನೋಟಿಸು. ವಿನಾಯಿತಿಗೆ ಬೇಕಾದ, 2021ರಲ್ಲಿ ಐದು ವರ್ಷಕ್ಕೆ ಕೊಟ್ಟ 12ಎಬಿ ನೋಂದಣಿಗಳು 2026ರ ಮಾರ್ಚ್ 31ಕ್ಕೆ ಮುಗಿಯುವಂಥವು. ಆರು ತಿಂಗಳ ಮೊದಲು, ಅಂದರೆ 2025ರ ಸೆಪ್ಟೆಂಬರ್ 30ರೊಳಗೆ ನವೀಕರಣದ ಅರ್ಜಿಯಾದ ಫಾರ್ಮ್ 10ಎಬಿ ಹಾಕಬೇಕಿತ್ತು. ನಮ್ಮ ಟ್ರಸ್ಟ್ ಸೆಪ್ಟೆಂಬರ್ 20ಕ್ಕೆ ಹಾಕಿತ್ತು. ಅರ್ಜಿ ಬಂದ ತ್ರೈಮಾಸಿಕ ಮುಗಿದ ಆರು ತಿಂಗಳೊಳಗೆ ಆದೇಶ ಆಗಬೇಕು, ಹಾಗಾಗಿ ಇಲಾಖೆಗಿದ್ದ ಕೊನೆಯ ದಿನವೂ ಮಾರ್ಚ್ 31. ಸೆಪ್ಟೆಂಬರ್ ಗಡುವು ತಪ್ಪಿಸಿದವರಿಗೆ 2024ರ ಅಕ್ಟೋಬರ್‌ನಿಂದ ಒಂದು ದಾರಿಯಿದೆ: ಸಕಾರಣವಿದ್ದರೆ ಆಯುಕ್ತರೇ ತಡವನ್ನು ಮನ್ನಿಸಬಹುದು. ಆದರೆ ಹಾಗೆ ಕೇಳದೆ ಬಿಟ್ಟರೆ ಬರುವುದು 115ಟಿಡಿ: ಆಸ್ತಿಯ ಮಾರುಕಟ್ಟೆ ಬೆಲೆಯಿಂದ ಸಾಲ ಕಳೆದು ಉಳಿದದ್ದಕ್ಕೆ ಗರಿಷ್ಠ ದರದ ತೆರಿಗೆ. ಶಾಲೆಯ ಜಾಗದ ಬೆಲೆ ನೆನೆದರೆ, ಆಡಿಟ್ ತಡದ ನೋಟಿಸು ಇದರ ಮುಂದೆ ಹಗುರ.

ಆಯುಕ್ತರ ಪ್ರಶ್ನೆಪಟ್ಟಿಯಲ್ಲಿ ಆಡಿಟ್ ವರದಿಯ ವಿಚಾರ ಬಂದರೆ ಮುಚ್ಚಿಡಬೇಡಿ. ಮನ್ನಾ ಅರ್ಜಿಯ ಪ್ರತಿ ಕೊಟ್ಟು, ನೋಂದಣಿ ರದ್ದತಿಗೆ 12ಎಬಿ(4) ಪಟ್ಟಿ ಮಾಡಿರುವ ‘ನಿರ್ದಿಷ್ಟ ಉಲ್ಲಂಘನೆ’ಗಳಲ್ಲಿ ವರದಿಯ ವಿಳಂಬ ಇಲ್ಲ ಎಂದು ಎರಡು ವಾಕ್ಯದಲ್ಲಿ ಹೇಳಿ. ಅರ್ಜಿಗಳು ನಿಜಕ್ಕೂ ಬೀಳುವುದು ಬೇರೆ ಕಡೆ. ಪೂರ್ಣ ನೋಂದಣಿಯ ನವೀಕರಣಕ್ಕೆ 12ಎ(1)(ಎಸಿ)ಯ (ii)ನೇ ಉಪಖಂಡ ಆರಿಸಬೇಕಾದಲ್ಲಿ ತಾತ್ಕಾಲಿಕ ನೋಂದಣಿಯವರ (iii) ಆರಿಸಿರುತ್ತಾರೆ. ಚಟುವಟಿಕೆ ಟಿಪ್ಪಣಿಯಲ್ಲಿ 300 ಮಕ್ಕಳಿಗೆ ವಿದ್ಯಾರ್ಥಿವೇತನ ಎಂದಿದ್ದರೆ ಲೆಕ್ಕಪತ್ರದಲ್ಲಿ ಆ ಖರ್ಚು ಹದಿನೈದು ಸಾವಿರ. ಇಂಥ ಹೊಂದಿಕೆಯಾಗದ ಅಂಕಿಯೇ ‘ಚಟುವಟಿಕೆ ನೈಜವಲ್ಲ’ ಎಂಬ ಮಾತಿಗೆ ದಾರಿ. ಟ್ರಸ್ಟ್ ಡೀಡಿನ ಉದ್ದೇಶಗಳನ್ನು ನಡುವೆ ತಿದ್ದಿ, 30 ದಿನದೊಳಗೆ ಪ್ರತ್ಯೇಕ ಅರ್ಜಿ ಹಾಕದಿದ್ದರೆ ಅದೂ ಈಗಲೇ ಹೊರಬರುತ್ತದೆ. ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಅನುಮೋದನೆಗೆ ಬೇರೆಯದೇ ಅರ್ಜಿ. ಇದರ ಜೊತೆ ತಾನಾಗಿ ನವೀಕರಣವಾಗದು.

ಆದಾಯ 5 ಕೋಟಿಯೊಳಗಿನ ಟ್ರಸ್ಟುಗಳಿಗೆ 2025ರ ಏಪ್ರಿಲ್ 1ರ ನಂತರದ ಅರ್ಜಿಗಳಲ್ಲಿ ಹತ್ತು ವರ್ಷದ ನೋಂದಣಿಗೆ ಅವಕಾಶವಿದೆ. ಅರ್ಜಿ ಹಾಕಿದ ವರ್ಷದ ಹಿಂದಿನ ಎರಡು ವರ್ಷದ ಆದಾಯದ ವಿವರವನ್ನು ಉತ್ತರದಲ್ಲೇ ಕೊಟ್ಟಿಟ್ಟರೆ, ಫಾರ್ಮ್ 10ಎಡಿಯಲ್ಲಿ ಬರುವ ಆದೇಶದಲ್ಲಿ ಐದೇ ವರ್ಷ ಎಂದಿದ್ದಾಗ ತಿದ್ದಿಸಿಕೊಳ್ಳಲು ಅದೇ ಆಧಾರ.